ಡಾಲರ್, ಪೌಂಡ್, ಯೂರೊ, ದಿರ್ಹಮ್: ರಫ್ತು ಮಾರಾಟವನ್ನು ಆಯಾ ದಿನದ ದರದಲ್ಲಿ ರೂಪಾಯಿಗೆ ತರುವುದು ಹೇಗೆ?

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್‌ನಿಂದ ಸೋನಾ ಮಸೂರಿ ಹೊರದೇಶಕ್ಕೆ ಹೋಗುತ್ತದೆ ಅಂದುಕೊಳ್ಳಿ. ಅಮೆರಿಕದ ಗಿರಾಕಿ ಡಾಲರ್‌ನಲ್ಲಿ ಕೊಡುತ್ತಾನೆ. ಲಂಡನ್‌ನವನು ಪೌಂಡ್, ಜರ್ಮನಿಯವನು ಯೂರೊ, ದುಬೈನವನು ದಿರ್ಹಮ್. ತಿಂಗಳ ಕೊನೆಗೆ ಮಾಲೀಕರು ಕೇಳುವುದು ಮಾತ್ರ ಒಂದೇ ಮಾತು: ಈ ತಿಂಗಳು ಎಷ್ಟು ರೂಪಾಯಿ ಮಾರಾಟ ಆಯಿತು?

ಇಲ್ಲಿ ಬಹಳ ಜನ ಒಂದು ಸುಲಭದ ದಾರಿ ಹಿಡಿಯುತ್ತಾರೆ. ತಿಂಗಳ ಕೊನೆಯ ದಿನ ಮೊಬೈಲ್‌ನಲ್ಲಿ ಡಾಲರ್ ರೇಟ್ ನೋಡಿ, ಇಡೀ ತಿಂಗಳ ಇನ್‌ವಾಯ್ಸ್‌ಗಳಿಗೆ ಅದೇ ರೇಟ್ ಹಾಕಿಬಿಡುತ್ತಾರೆ. ಅದು ಸರಿಯಲ್ಲ. ನಮ್ಮ ಲೆಕ್ಕದ ನಿಯಮಗಳು, ಸಣ್ಣ ಸಂಸ್ಥೆಗಳಿಗೆ ಎಎಸ್ 11, ದೊಡ್ಡ ಕಂಪನಿಗಳಿಗೆ ಇಂಡ್ ಎಎಸ್ 21, ಎರಡೂ ಹೇಳುವುದು ಒಂದೇ: ವಹಿವಾಟು ನಡೆದ ದಿನದ ವಿನಿಮಯ ದರದಲ್ಲಿ ಅದನ್ನು ಪುಸ್ತಕಕ್ಕೆ ತೆಗೆದುಕೊಳ್ಳಬೇಕು. ದರ ಹೆಚ್ಚು ಏರಿಳಿಯದೆ ಇದ್ದರೆ ವಾರದ ಅಥವಾ ತಿಂಗಳ ಸರಾಸರಿ ಹಾಕಲು ಅವಕಾಶ ಇದೆ, ನಿಜ. ಆದರೆ ತಿಂಗಳಿಗೆ ಹತ್ತಿಪ್ಪತ್ತು ಇನ್‌ವಾಯ್ಸ್ ಮಾಡುವವರಿಗೆ ಸರಾಸರಿಯ ಅಗತ್ಯವೇ ಇಲ್ಲ. ಒಂದು ಎಕ್ಸೆಲ್ ಶೀಟ್ ಸರಿಯಾಗಿ ಕಟ್ಟಿದರೆ ಪ್ರತಿ ಇನ್‌ವಾಯ್ಸ್‌ಗೂ ಅದರದೇ ದಿನದ ದರ ತಾನಾಗಿ ಬಂದು ಕೂರುತ್ತದೆ.

ಮೊದಲು ದಿನಾಂಕ ಯಾವುದು ಅಂತ ಗಟ್ಟಿ ಮಾಡಿ

ಅರ್ಧ ತಪ್ಪು ಇಲ್ಲೇ ಆಗುವುದು. ಒಂದು ಕಂಟೇನರ್ ಅಕ್ಕಿಗೆ ಎಷ್ಟು ದಿನಾಂಕಗಳಿವೆ ನೋಡಿ. ಆರ್ಡರ್ ಬಂದ ದಿನ ಒಂದು. ಮಿಲ್‌ನಿಂದ ಲಾರಿ ಹೊರಟಾಗ ಇನ್‌ವಾಯ್ಸ್ ಮಾಡಿದ ದಿನ ಇನ್ನೊಂದು. ಬಂದರಿನಲ್ಲಿ ಶಿಪ್ಪಿಂಗ್ ಬಿಲ್ ಹಾಕಿದ ದಿನ, ಸರಕು ಹಡಗಿಗೆ ಏರಿ ಬಿಲ್ ಆಫ್ ಲೇಡಿಂಗ್ ಬಂದ ದಿನ, ಕೊನೆಗೆ ಬ್ಯಾಂಕಿಗೆ ದುಡ್ಡು ಬಂದ ದಿನ. ಮೊದಲನೆಯದಕ್ಕೂ ಕೊನೆಯದಕ್ಕೂ ಎರಡು ಮೂರು ತಿಂಗಳ ಅಂತರ ಇರಬಹುದು.

ನಮಗೆ ಬೇಕಾದದ್ದು ಮಾರಾಟ ಆಯಿತು ಅಂತ ಪುಸ್ತಕದಲ್ಲಿ ಒಪ್ಪಿಕೊಳ್ಳುವ ದಿನ. ಅಂದರೆ ಸರಕಿನ ಹೊಣೆ ನಮ್ಮ ಕೈಯಿಂದ ಗಿರಾಕಿಯ ಕೈಗೆ ದಾಟಿದ ದಿನ. ಎಫ್‌ಒಬಿ ಆಗಲಿ ಸಿಐಎಫ್ ಆಗಲಿ, ಸರಕು ಹಡಗಿಗೆ ಏರಿದ ಮೇಲೆ ಅದರ ಅಪಾಯ ಗಿರಾಕಿಯದು. ಹಾಗಾಗಿ ಈ ಎರಡು ಷರತ್ತುಗಳಲ್ಲಿ ಸಾಮಾನ್ಯವಾಗಿ ಬಿಲ್ ಆಫ್ ಲೇಡಿಂಗ್ ಮೇಲೆ ಹಡಗಿಗೆ ಏರಿಸಿದ್ದು ಅಂತ ನಮೂದಿಸಿರುವ ದಿನಾಂಕವನ್ನೇ ಹಿಡಿಯುತ್ತಾರೆ. ಗಿರಾಕಿಯ ಗೋದಾಮಿನವರೆಗೆ ತಲುಪಿಸುವ ಷರತ್ತಿದ್ದರೆ ದಿನಾಂಕ ಇನ್ನೂ ಮುಂದೆ ಹೋಗುತ್ತದೆ. ನಿಮ್ಮ ಒಪ್ಪಂದದಲ್ಲಿ ಯಾವ ಷರತ್ತಿದೆ ಅಂತ ಒಮ್ಮೆ ತೆಗೆದು ನೋಡಿ, ಅದರ ಪ್ರಕಾರ ದಿನಾಂಕ ನಿಗದಿ ಮಾಡಿ, ಮತ್ತೆ ವರ್ಷವಿಡೀ ಬದಲಿಸಬೇಡಿ. ದರ ಚೆನ್ನಾಗಿರುವ ದಿನಾಂಕವನ್ನು ಆರಿಸಿಕೊಳ್ಳುವ ಹಾಗಿಲ್ಲ.

ಗಂಗಾವತಿಯಂಥ ಒಳನಾಡಿನ ಊರಿನವರಿಗೆ ಇದು ಇನ್ನೂ ಮುಖ್ಯ. ಲಾರಿ ಹೊರಟು, ಬಂದರು ಸೇರಿ, ಕಸ್ಟಮ್ಸ್ ಮುಗಿದು, ಹಡಗು ಸಿಗುವ ಹೊತ್ತಿಗೆ ಒಂದು ವಾರ ಹತ್ತು ದಿನ ಸುಮ್ನೆ ಕಳೆದುಹೋಗುತ್ತದೆ. ಮೇ 28ರ ಇನ್‌ವಾಯ್ಸ್‌ನ ಸರಕು ಜೂನ್ 6ಕ್ಕೆ ಹಡಗು ಹತ್ತಿದರೆ ಅದು ಜೂನ್ ತಿಂಗಳ ಮಾರಾಟ, ಜೂನ್ 6ರ ದರ. ಮಾರ್ಚ್ ಕೊನೆಯಲ್ಲಿ ಹೀಗಾದರೆ ವರ್ಷವೇ ಬದಲಾಗುತ್ತದೆ.

ದರ ಎಲ್ಲಿಂದ ತರಬೇಕು?

ಗೂಗಲ್‌ನಲ್ಲಿ ಕಾಣುವ ದರ ಬೇಡ. ಅದು ಯಾವ ಹೊತ್ತಿನದು ಅಂತ ನಾಳೆ ಆಡಿಟರ್ ಕೇಳಿದರೆ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಎಫ್‌ಬಿಐಎಲ್ ಅಂತ ಒಂದು ಸಂಸ್ಥೆ ಇದೆ, ಫೈನಾನ್ಶಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ. ಮೊದಲು ರಿಸರ್ವ್ ಬ್ಯಾಂಕ್ ತಾನೇ ಪ್ರಕಟಿಸುತ್ತಿದ್ದ ರೆಫರೆನ್ಸ್ ದರವನ್ನು 2018ರ ಜುಲೈನಿಂದ ಇವರು ಪ್ರಕಟಿಸುತ್ತಿದ್ದಾರೆ. ಡಾಲರ್, ಯೂರೊ, ಪೌಂಡ್, ಯೆನ್ ದರಗಳು ಮುಂಬೈನ ಪ್ರತಿ ಕೆಲಸದ ದಿನ ಮಧ್ಯಾಹ್ನ ಬರುತ್ತವೆ. ಹಿಂದಿನ ದಿನಗಳ ಪಟ್ಟಿಯನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು.

ಯೆನ್ ಬಗ್ಗೆ ಒಂದು ಎಚ್ಚರ. ಅದರ ದರ ಕೊಡುವುದು 100 ಯೆನ್‌ಗೆ. ಹಾಗೇ ಗುಣಿಸಿದರೆ ಮಾರಾಟ ನೂರು ಪಟ್ಟು ಉಬ್ಬುತ್ತದೆ. ಪಟ್ಟಿಗೆ ಹಾಕುವಾಗಲೇ 100ರಿಂದ ಭಾಗಿಸಿ ಇಟ್ಟುಬಿಡಿ.

ದಿರ್ಹಮ್‌ಗೆ ಒಳ್ಳೆಯ ದಾರಿ ಒಂದಿದೆ. 1997ರಿಂದ ದಿರ್ಹಮ್ ಡಾಲರ್‌ಗೆ ಕಟ್ಟಿಹಾಕಿದ ಹಾಗೆ ನಿಂತಿದೆ: ಒಂದು ಡಾಲರ್‌ಗೆ 3.6725 ದಿರ್ಹಮ್. ಹಾಗಾಗಿ ಆ ದಿನದ ಡಾಲರ್ ದರವನ್ನು 3.6725ರಿಂದ ಭಾಗಿಸಿದರೆ ದಿರ್ಹಮ್ ದರ ಸಿಗುತ್ತದೆ. ಇದಕ್ಕೆ ಕ್ರಾಸ್ ರೇಟ್ ಅನ್ನುತ್ತಾರೆ. ಬ್ಯಾಂಕ್ ನಿಮಗೆ ದುಡ್ಡು ಕೊಡುವಾಗ ಹಾಕುವ ದರ ಇದಕ್ಕಿಂತ ಸ್ವಲ್ಪ ಬೇರೆ ಇರುತ್ತದೆ, ಅದರಲ್ಲಿ ಬ್ಯಾಂಕಿನ ಲಾಭವೂ ಸೇರಿರುತ್ತದೆ. ಮಾರಾಟ ದಾಖಲಿಸಲು ಅದು ಬೇಕಿಲ್ಲ.

ರಜೆ ದಿನದ ಮಾತು. ಶನಿವಾರ, ಭಾನುವಾರ ದರ ಬರುವುದಿಲ್ಲ, ಹಡಗು ಮಾತ್ರ ಶನಿವಾರವೂ ಹೊರಡುತ್ತದೆ. ಆಗ ಹಿಂದಿನ ಕೆಲಸದ ದಿನದ ದರ ಹಾಕುವುದು ರೂಢಿ. ನೋಡಬೇಕಾದದ್ದು ಮುಂಬೈನ ರಜೆ, ಕೊಪ್ಪಳದ ರಜೆಯಲ್ಲ. ಫೆಬ್ರವರಿ 19ಕ್ಕೆ ಶಿವಾಜಿ ಜಯಂತಿ, ಅಲ್ಲಿ ಬ್ಯಾಂಕ್ ರಜೆ, ಇಲ್ಲಿ ನಮ್ಮ ಬ್ಯಾಂಕ್ ತೆರೆದಿದ್ದರೂ ಆ ದಿನದ ದರ ಇರುವುದಿಲ್ಲ. ನವೆಂಬರ್ 1 ರಾಜ್ಯೋತ್ಸವ, ಇಲ್ಲಿ ರಜೆ, ಮುಂಬೈನಲ್ಲಿ ಕೆಲಸ ಇದ್ದರೆ ದರ ಬಂದಿರುತ್ತದೆ, ಅದನ್ನೇ ಹಾಕಬೇಕು.

ಶೀಟ್ ಕಟ್ಟುವುದು

ಎರಡು ಶೀಟ್ ಸಾಕು. ಒಂದಕ್ಕೆ `Rates` ಅಂತ ಹೆಸರಿಡಿ. ಅದರ ಎ ಕಾಲಂನಲ್ಲಿ ದಿನಾಂಕ, ಬಿ ಇಂದ ಇ ತನಕ ಒಂದೊಂದು ಕರೆನ್ಸಿಯ ದರ. ಮೊದಲ ಸಾಲಿನಲ್ಲಿ ಶೀರ್ಷಿಕೆಯಾಗಿ `USD`, `EUR`, `GBP`, `AED` ಅಂತ ಬರೆಯಿರಿ. ದಿನಾಂಕಗಳು ಹಳೆಯದರಿಂದ ಹೊಸದಕ್ಕೆ ಇಳಿಯುತ್ತಾ ಬರಬೇಕು. ಡೌನ್‌ಲೋಡ್ ಮಾಡಿದ ಪಟ್ಟಿಯಲ್ಲಿ ಹೊಸದು ಮೇಲಿದ್ದರೆ ತಿರುಗಿಸಿಕೊಳ್ಳಿ, ಇಲ್ಲದಿದ್ದರೆ ಮುಂದೆ ಹಾಕುವ ಸೂತ್ರ ಕೆಲಸ ಮಾಡುವುದಿಲ್ಲ. ದಿರ್ಹಮ್ ಕಾಲಂಗೆ ಈ ಸೂತ್ರ:

```
=ROUND(B2/3.6725, 4)
```

ಇನ್ನೊಂದು ಶೀಟ್ ಮಾರಾಟದ್ದು. ಎ ಕಾಲಂ ಇನ್‌ವಾಯ್ಸ್ ನಂಬರ್, ಬಿ ಬಿಲ್ ಆಫ್ ಲೇಡಿಂಗ್ ದಿನಾಂಕ, ಸಿ ಕರೆನ್ಸಿ, ಡಿ ಮೊತ್ತ. ಇ ಕಾಲಂಗೆ ದರ ತಾನಾಗಿ ಬರಲು:

```
=INDEX(Rates!$B$2:$E$400,
 MATCH(B2, Rates!$A$2:$A$400, 1),
 MATCH(C2, Rates!$B$1:$E$1, 0))
```

ಮೊದಲ `MATCH` ದಿನಾಂಕ ಹುಡುಕುತ್ತದೆ. ಕೊನೆಯಲ್ಲಿರುವ 1ರ ಅರ್ಥ, ಆ ದಿನಾಂಕ ಸಿಗದಿದ್ದರೆ ಅದಕ್ಕಿಂತ ಹಿಂದಿನದರಲ್ಲಿ ಹತ್ತಿರದ್ದು ತೆಗೆದುಕೋ ಅಂತ. ಶನಿವಾರಕ್ಕೆ ಶುಕ್ರವಾರದ ದರ ಬರುವುದು ಇದರಿಂದಲೇ. ಎರಡನೆಯ `MATCH` ಕರೆನ್ಸಿ ಹುಡುಕುತ್ತದೆ, ಅಲ್ಲಿ 0 ಇರಬೇಕು, ಯಾಕೆಂದರೆ ಕರೆನ್ಸಿಯಲ್ಲಿ ಹತ್ತಿರದ್ದು ಅನ್ನುವುದು ಇಲ್ಲ. ಎಫ್ ಕಾಲಂನಲ್ಲಿ ರೂಪಾಯಿ:

```
=ROUND(D2*E2, 2)
```

ಪ್ರತಿ ಸಾಲನ್ನೂ ಹೀಗೆ ಪೈಸೆಗೆ ಸರಿಮಾಡಿ, ಆಮೇಲೆ ಕೂಡಿ. ಪುಸ್ತಕದಲ್ಲಿ ಒಂದೊಂದು ಇನ್‌ವಾಯ್ಸ್ ಕೂಡ ಹಾಗೇ ಕೂರುವುದರಿಂದ ಶೀಟಿನ ಮೊತ್ತವೂ ಲೆಡ್ಜರ್ ಮೊತ್ತವೂ ಒಂದೇ ಬರುತ್ತವೆ.

ಎರರ್ ತೋರಿಸದೆ ತಪ್ಪು ದರ ಕೊಡುವ ಸೂತ್ರ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಮೇಲಿನ ಸೂತ್ರದಲ್ಲಿ ಹಿಂದಿನ ದರ ಹುಡುಕಿಕೊಳ್ಳುವ ಅನುಕೂಲ ಇದೆಯಲ್ಲ, ಅಪಾಯವೂ ಅದರಲ್ಲೇ ಇದೆ. ನೀವು `Rates` ಶೀಟಿಗೆ ಮೇ 30ರ ತನಕ ದರ ಹಾಕಿದ್ದೀರಿ, ಜೂನ್ ದರ ಹಾಕುವುದನ್ನು ಮರೆತಿರಿ ಅನ್ನಿ. ಜೂನ್ 20ರ ಇನ್‌ವಾಯ್ಸ್ ಹಾಕಿದರೂ ಸೂತ್ರ ಎರರ್ ತೋರಿಸುವುದಿಲ್ಲ. ಸುಮ್ನೆ ಮೇ 30ರ ದರ ತಂದು ಕೊಡುತ್ತದೆ. ಜುಲೈಗೂ ಅದನ್ನೇ ಕೊಡುತ್ತದೆ. ನೋಡಲು ಎಲ್ಲವೂ ಸರಿ ಇದ್ದ ಹಾಗೆ ಕಾಣುತ್ತದೆ, ದರವೂ ನಂಬುವ ಹಾಗೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಇದಕ್ಕೆ ಪರಿಹಾರ ಸಣ್ಣದು. ಜಿ ಕಾಲಂನಲ್ಲಿ, ಬಂದ ದರ ಎಷ್ಟು ದಿನ ಹಳೆಯದು ಅಂತ ತೋರಿಸಿಕೊಳ್ಳಿ:

```
=B2-INDEX(Rates!$A$2:$A$400,
 MATCH(B2, Rates!$A$2:$A$400, 1))
```

ಕೆಲಸದ ದಿನಕ್ಕೆ 0 ಬರಬೇಕು. ಶನಿವಾರಕ್ಕೆ 1, ಭಾನುವಾರಕ್ಕೆ 2. 2025ರ ಮೇ 12 ಸೋಮವಾರ ಬುದ್ಧ ಪೂರ್ಣಿಮೆಯ ರಜೆ ಇತ್ತು, ಅದಕ್ಕೆ ಶುಕ್ರವಾರ 9ರ ದರ ಬಂದು 3 ಅಂತ ತೋರಿಸುತ್ತದೆ. 4ಕ್ಕಿಂತ ಜಾಸ್ತಿ ಬಂದರೆ ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ ಅಂತಲೇ ತಿಳಿಯಿರಿ. ಆ ಸಾಲು ಕೆಂಪಾಗುವ ಹಾಗೆ ಫಾರ್ಮ್ಯಾಟ್ ಹಾಕಿಟ್ಟರೆ ಇನ್ನೂ ಒಳ್ಳೆಯದು. ಶುಕ್ರವಾರದ ಒಂದೇ ದರ ಬಿಟ್ಟುಹೋಗಿದ್ದರೂ ಇದು ಹೇಳುತ್ತದೆ, ಯಾಕೆಂದರೆ 0 ಬರಬೇಕಾದ ಕಡೆ 1 ಇರುತ್ತದೆ.

ಇನ್ನೊಂದು ತೊಂದರೆ ದಿನಾಂಕದ ಬರವಣಿಗೆಯದು. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ 06-05-2025 ಅಂತ ಹಾಕಿದ್ದನ್ನು ಜೂನ್ 5 ಅಂತ ಓದಿಕೊಳ್ಳುತ್ತದೆ. 17-05-2025 ಹಾಕಿದರೆ 17ನೇ ತಿಂಗಳು ಇಲ್ಲದ ಕಾರಣ ಅದನ್ನು ದಿನಾಂಕ ಅಂತಲೇ ಒಪ್ಪದೆ ಬರೀ ಅಕ್ಷರ ಅಂತ ಇಟ್ಟುಕೊಳ್ಳುತ್ತದೆ. ಇದರ ಗುರುತು ಕಣ್ಣಿಗೇ ಕಾಣುತ್ತದೆ: ಒಂದೇ ಕಾಲಂನಲ್ಲಿ ಕೆಲವು ದಿನಾಂಕ ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಎಡದವು ಅಕ್ಷರಗಳು, ಮತ್ತು ಬಲದಲ್ಲಿರುವವುಗಳಲ್ಲಿ ದಿನ ತಿಂಗಳು ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. ಹಾಗಿದ್ದರೆ ಎಡದವನ್ನು ಮಾತ್ರ ತಿದ್ದಿ ಸುಮ್ಮನಾಗಬೇಡಿ, ಇಡೀ ಕಾಲಂ ಮತ್ತೆ ಹಾಕಿ. ದಿನಾಂಕ ಕಾಣುವ ರೂಪವನ್ನು 06-ಮೇ-2025 ಅನ್ನುವ ಹಾಗೆ ತಿಂಗಳ ಹೆಸರು ಬರುವಂತೆ ಇಟ್ಟರೆ ಈ ಗೊಂದಲ ಉಳಿಯುವುದಿಲ್ಲ.

ಒಂದು ತಿಂಗಳ ಲೆಕ್ಕ

ಈಗ ಒಂದು ಲೆಕ್ಕ ಮಾಡಿ ನೋಡೋಣ. ಗಂಗಾವತಿಯ ಒಂದು ಮಿಲ್, 2025ರ ಮೇ, ನಾಲ್ಕು ಸಾಗಣೆ. ದರಗಳು ಲೆಕ್ಕ ತೋರಿಸಲು ಇಟ್ಟವು, ಅಂದು ಪ್ರಕಟವಾದವು ಅಂತ ಬಳಸಬೇಡಿ.

| ಹಡಗು ಏರಿದ ದಿನ | ಮೊತ್ತ | ದರ | ರೂಪಾಯಿ |
|---|---|---|---|
| ಮೇ 6, ಮಂಗಳವಾರ | 24,000 ಡಾಲರ್ | 84.50 | 20,28,000 |
| ಮೇ 17, ಶನಿವಾರ | 15,000 ಪೌಂಡ್ | 113.20 | 16,98,000 |
| ಮೇ 22, ಗುರುವಾರ | 18,000 ಯೂರೊ | 96.40 | 17,35,200 |
| ಮೇ 27, ಮಂಗಳವಾರ | 60,000 ದಿರ್ಹಮ್ | 23.1995 | 13,91,970 |

ಪೌಂಡ್ ಸಾಲಿನ ದರ ಶುಕ್ರವಾರ 16ರದ್ದು. ದಿರ್ಹಮ್ ದರ ಬಂದದ್ದು ಮೇ 27ರ ಡಾಲರ್ ದರ 85.20ನ್ನು 3.6725ರಿಂದ ಭಾಗಿಸಿ. ಒಟ್ಟು ಮಾರಾಟ 68,53,170 ರೂಪಾಯಿ.

ಇದೇ ತಿಂಗಳನ್ನು ಕೊನೆಯ ಕೆಲಸದ ದಿನ, ಮೇ 30ರ ದರದಲ್ಲಿ ಮಾಡಿದ್ದರೆ? ಅಂದು ಡಾಲರ್ 85.60, ಪೌಂಡ್ 115.10, ಯೂರೊ 97.10, ದಿರ್ಹಮ್ 23.3084 ಅಂತ ಇಟ್ಟುಕೊಳ್ಳಿ. ಮೊತ್ತ 69,27,204 ಆಗುತ್ತದೆ. 74,034 ರೂಪಾಯಿ ಜಾಸ್ತಿ. ಒಂದು ಚೀಲ ಅಕ್ಕಿಯೂ ಹೆಚ್ಚು ಹೋಗಿಲ್ಲ, ಬೆಲೆಯೂ ಏರಿಲ್ಲ. ರೂಪಾಯಿ ಸ್ವಲ್ಪ ಇಳಿದದ್ದು ಮಾರಾಟದ ಲೆಕ್ಕಕ್ಕೆ ಬಂದು ಸೇರಿಬಿಟ್ಟಿದೆ. ಮಾಲೀಕರು ಇದನ್ನು ನೋಡಿ ಈ ತಿಂಗಳು ವ್ಯಾಪಾರ ಚೆನ್ನಾಗಿತ್ತು ಅಂದುಕೊಂಡು ಭತ್ತಕ್ಕೆ ಜಾಸ್ತಿ ಬೆಲೆ ಕೊಡಲು ಹೊರಟರೆ ನಷ್ಟ ಅವರದೇ.

ಗಿರಾಕಿ ಮುಂಗಡ ಕೊಟ್ಟಿದ್ದರೆ ಲೆಕ್ಕ ಎರಡು ಸಾಲಾಗುತ್ತದೆ. ಜರ್ಮನಿಯವನು 18,000 ಯೂರೊದಲ್ಲಿ 5,400 ಅನ್ನು ಏಪ್ರಿಲ್‌ನಲ್ಲೇ ಕಳಿಸಿದ್ದ, ಅಂದಿನ ದರ 95.10 ಇತ್ತು ಅನ್ನಿ. ಆ 5,400ಕ್ಕೆ ಮುಂಗಡ ಬಂದ ದಿನದ ದರ, 5,13,540 ರೂಪಾಯಿ. ಉಳಿದ 12,600ಕ್ಕೆ ಹಡಗು ಏರಿದ ದಿನದ 96.40, ಅಂದರೆ 12,14,640. ಕೂಡಿದರೆ 17,28,180. ಮುಂಗಡ ಬಂದ ಭಾಗಕ್ಕೆ ದರದ ಏರಿಳಿತ ಅಲ್ಲಿಗೇ ಮುಗಿದುಹೋಯಿತಲ್ಲ, ಆ ದುಡ್ಡು ಆಗಲೇ ಕೈಗೆ ಬಂದಿದೆ. ಇಂಡ್ ಎಎಸ್ ಪಾಲಿಸುವ ಕಂಪನಿಗಳಿಗೆ 2018ರ ಏಪ್ರಿಲ್‌ನಿಂದ ಇದು ಸ್ಪಷ್ಟವಾಗಿ ಬರೆದಿರುವ ನಿಯಮ. ಶೀಟಿನಲ್ಲಿ ಒಂದೇ ಇನ್‌ವಾಯ್ಸ್ ನಂಬರಿಗೆ ಎರಡು ಸಾಲು ಹಾಕಿ, ಬಿ ಕಾಲಂನಲ್ಲಿ ಬೇರೆ ಬೇರೆ ದಿನಾಂಕ ಕೊಟ್ಟರೆ ಸಾಕು, ಸೂತ್ರ ಬದಲಿಸಬೇಕಿಲ್ಲ. ಹಡಗಿನ ದಿನಾಂಕಕ್ಕೆ ಮಾತ್ರ ಪಕ್ಕದಲ್ಲಿ ಇನ್ನೊಂದು ಕಾಲಂ ಇಟ್ಟುಕೊಳ್ಳಿ, ಯಾವ ತಿಂಗಳ ಮಾರಾಟ ಅನ್ನುವುದು ಅದರಿಂದಲೇ ತೀರ್ಮಾನವಾಗಬೇಕು.

ದುಡ್ಡು ಬಂದಾಗ ಮಾರಾಟ ತಿದ್ದಬೇಡಿ

ಜುಲೈನಲ್ಲಿ ಅಮೆರಿಕದ ದುಡ್ಡು ಬಂತು. ಕಳಿಸಿದ್ದು 24,000 ಡಾಲರ್, ದಾರಿಯಲ್ಲಿ ಅಲ್ಲಿನ ಬ್ಯಾಂಕ್ 25 ಡಾಲರ್ ಹಿಡಿದುಕೊಂಡಿತು, ನಮ್ಮ ಬ್ಯಾಂಕ್ 85.90 ದರ ಹಾಕಿ 23,975 ಡಾಲರ್‌ಗೆ 20,59,452.50 ರೂಪಾಯಿ ಜಮಾ ಮಾಡಿತು. ಪುಸ್ತಕದಲ್ಲಿ ಈ ಗಿರಾಕಿಯ ಬಾಕಿ 20,28,000 ಇದೆ. ವ್ಯತ್ಯಾಸ 31,452.50. ಹಾಗಾದರೆ ಮಾರಾಟವನ್ನು ಇಷ್ಟಕ್ಕೆ ಏರಿಸಬೇಕಾ? ಬೇಡ.

ಅದನ್ನು ಬಿಡಿಸಿ ನೋಡಿ. ಪೂರ್ತಿ 24,000 ಡಾಲರ್‌ಗೆ ದರ 84.50ರಿಂದ 85.90ಕ್ಕೆ ಏರಿದ್ದರಿಂದ 33,600 ರೂಪಾಯಿ ವಿನಿಮಯ ಲಾಭ. 25 ಡಾಲರ್‌ಗೆ 2,147.50 ರೂಪಾಯಿ ಬ್ಯಾಂಕ್ ಖರ್ಚು. ಒಂದರಲ್ಲಿ ಇನ್ನೊಂದನ್ನು ಕಳೆದರೆ ಸರಿಯಾಗಿ 31,452.50. ಲಾಭ ಒಂದು ಖಾತೆಗೆ, ಖರ್ಚು ಇನ್ನೊಂದಕ್ಕೆ, ಮಾರಾಟ ಮೇ ತಿಂಗಳಲ್ಲಿ ಬರೆದ 20,28,000 ಹಾಗೇ. ಎರಡನ್ನೂ ಒಟ್ಟಿಗೆ ಸೇರಿಸಿ ವಿನಿಮಯ ಲಾಭ ಅಂತ ಬರೆದರೆ ವರ್ಷಕ್ಕೆ ಬ್ಯಾಂಕುಗಳು ಎಷ್ಟು ಹಿಡಿದವು ಅನ್ನುವುದು ಎಲ್ಲೂ ಕಾಣದೆ ಹೋಗುತ್ತದೆ, ಅದು ನೋಡಲೇಬೇಕಾದ ಖರ್ಚು.

ಮಾರ್ಚ್ 31ಕ್ಕೆ ಇನ್ನೂ ಬಾರದ ಬಾಕಿ ಇದ್ದರೆ ಅದನ್ನು ಮಾತ್ರ ಅಂದಿನ ದರಕ್ಕೆ ತಂದು, ವ್ಯತ್ಯಾಸವನ್ನು ಲಾಭ ನಷ್ಟಕ್ಕೆ ಹಾಕಬೇಕು. ಆಗಲೂ ಮಾರಾಟದ ಅಂಕಿ ಮುಟ್ಟುವ ಹಾಗಿಲ್ಲ.

ಜಿಎಸ್‌ಟಿ ಅಂಕಿ ಬೇರೆ ಬರುತ್ತದೆ, ಗಾಬರಿ ಬೇಡ

ಕೊನೆಗೆ ಎಲ್ಲರಿಗೂ ತಲೆನೋವಾಗುವ ಒಂದು ವಿಷಯ. ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಪುಸ್ತಕದ ಮಾರಾಟವೂ ಜಿಎಸ್‌ಟಿಆರ್-1ರಲ್ಲಿ ಹಾಕಿದ ರಫ್ತೂ ಹೊಂದುವುದಿಲ್ಲ. ಹೊಂದಬಾರದು ಕೂಡ. ಸರಕಿನ ರಫ್ತಿಗೆ ಸಿಜಿಎಸ್‌ಟಿ ನಿಯಮ 34ರ ಪ್ರಕಾರ ಕಸ್ಟಮ್ಸ್‌ನವರು ಪ್ರಕಟಿಸುವ ದರ ಹಾಕಬೇಕು. ಆ ದರ ದಿನಾ ಬದಲಾಗುವುದಿಲ್ಲ, ತಿಂಗಳಿಗೆ ಸಾಮಾನ್ಯವಾಗಿ ಎರಡು ಸಲ ಬರುತ್ತದೆ, ಆಮದಿಗೆ ಒಂದು ರಫ್ತಿಗೆ ಒಂದು ಅಂತ ಬೇರೆ ಬೇರೆ ಇರುತ್ತದೆ. ನಿಮ್ಮ ಶಿಪ್ಪಿಂಗ್ ಬಿಲ್ ಮೇಲೆ ಅಚ್ಚಾಗಿರುವುದು ಅದೇ.

ಉದಾಹರಣೆಗೆ ಮೇ 6ರ ಸಾಗಣೆಯ ಶಿಪ್ಪಿಂಗ್ ಬಿಲ್‌ನಲ್ಲಿ ಡಾಲರ್‌ಗೆ 84.05 ಇದ್ದರೆ ಜಿಎಸ್‌ಟಿ ಮೌಲ್ಯ 20,17,200. ಪುಸ್ತಕದಲ್ಲಿ 20,28,000. ವ್ಯತ್ಯಾಸ 10,800. ಇದನ್ನು ಮುಚ್ಚಲು ಪುಸ್ತಕದ ದರ ಬದಲಿಸುವವರನ್ನು ನೋಡಿದ್ದೇನೆ, ಹಾಗೆ ಮಾಡಬೇಡಿ. ಮಾರಾಟದ ಶೀಟಿನಲ್ಲೇ ಮೂರು ಕಾಲಂ ಜಾಸ್ತಿ ಮಾಡಿ: ಶಿಪ್ಪಿಂಗ್ ಬಿಲ್ ನಂಬರ್, ಅದರ ದರ, ಆ ದರದಲ್ಲಿ ರೂಪಾಯಿ. ದಿನಾಂಕದ ವ್ಯತ್ಯಾಸವೂ ಇದರಲ್ಲಿ ಸೇರಿರಬಹುದು, ಮೇ ಕೊನೆಯ ಇನ್‌ವಾಯ್ಸ್ ಜಿಎಸ್‌ಟಿಯಲ್ಲಿ ಮೇ ತಿಂಗಳಿಗೆ, ಪುಸ್ತಕದಲ್ಲಿ ಜೂನ್‌ಗೆ ಬಿದ್ದಿರುತ್ತದೆ. ಅದಕ್ಕೆ ವ್ಯತ್ಯಾಸ ಬರೆಯುವಾಗ ದರದಿಂದ ಎಷ್ಟು, ತಿಂಗಳು ಬದಲಾದದ್ದರಿಂದ ಎಷ್ಟು ಅಂತ ಎರಡನ್ನೂ ಬೇರೆ ಬೇರೆಯಾಗಿ ತೋರಿಸಿ. ವರ್ಷದ ಕೊನೆಗೆ ಜಿಎಸ್‌ಟಿಆರ್-9 ತುಂಬುವಾಗ ನಿಮ್ಮ ಸಿಎ ಕೇಳುವುದು ಇದೇ ಪಟ್ಟಿಯನ್ನು.